ತುಂಬಿದ ಮಜ್ಜೆ, ಬಡವಾದ ರಕ್ತ

ಹಿಮೋಗ್ಲೋಬಿನ್ 5.2 ಗ್ರಾಂ. ಬಿಳಿ ರಕ್ತಕಣ 2,600. ಪ್ಲೇಟ್‌ಲೆಟ್ 48,000. ದಾವಣಗೆರೆಯ ಯಾವ ಲ್ಯಾಬಿನಲ್ಲಾದರೂ ಇಂಥ ಅಂಕಿಗಳು ಬಂದರೆ ಟೆಕ್ನೀಷಿಯನ್ ಅದೇ ಸ್ಯಾಂಪಲ್ಲನ್ನು ಇನ್ನೊಮ್ಮೆ ಯಂತ್ರಕ್ಕೆ ಕೊಟ್ಟು ನೋಡುತ್ತಾರೆ. ಎರಡನೇ ಸಲವೂ ಅದೇ ಬಂದರೆ ವೈದ್ಯರಿಗೆ ಫೋನ್ ಹೋಗುತ್ತದೆ. ವಯಸ್ಕ ಗಂಡಸಿಗೆ ಹಿಮೋಗ್ಲೋಬಿನ್ 13ರ ಮೇಲಿರಬೇಕು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಬಿಳಿ ಕಣಗಳು ನಾಲ್ಕು ಸಾವಿರಕ್ಕೆ, ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕೆ ಕಡಿಮೆ ಇರಬಾರದು. ಇಲ್ಲಿ ಮೂರೂ ಕೆಳಗಿವೆ. ಮಳೆಗಾಲದಲ್ಲಿ ಡೆಂಗಿ ಬಂದಾಗ ಪ್ಲೇಟ್‌ಲೆಟ್ ಇಳಿಯುವುದು ಊರಿಗೆಲ್ಲ ಗೊತ್ತು. ಹೆಣ್ಣುಮಕ್ಕಳಲ್ಲಿ ಕಬ್ಬಿಣಾಂಶ ಸಾಲದೆ ಹಿಮೋಗ್ಲೋಬಿನ್ ಇಳಿಯುವುದೂ ಗೊತ್ತು. ಮೂರೂ ಒಟ್ಟಿಗೆ ಇಳಿದಾಗ ಮಾತ್ರ ಅನುಮಾನ ರಕ್ತನಾಳಗಳನ್ನು ಬಿಟ್ಟು ಮೂಳೆಯ ಒಳಗೆ ಹೋಗುತ್ತದೆ. ಆ ಮೂರಕ್ಕೂ ಹುಟ್ಟೂರು ಒಂದೇ, ಅಸ್ಥಿಮಜ್ಜೆ.

ಈ ವರದಿ ಹರಿಹರದ ಐವತ್ತೆಂಟು ವರ್ಷದ ಒಬ್ಬರದು ಎಂದುಕೊಳ್ಳೋಣ. ಇವರು ಗೊತ್ತಿರುವ ಒಬ್ಬ ವ್ಯಕ್ತಿಯಲ್ಲ. ನಮ್ಮ ಕಡೆಯ ಆಸ್ಪತ್ರೆಗಳಿಗೆ ಇದೇ ತೊಂದರೆ ಹೊತ್ತು ಬರುವವರಲ್ಲಿ ಸಾಮಾನ್ಯವಾಗಿ ಕಾಣುವುದನ್ನೆಲ್ಲ ಕೂಡಿಸಿ ನಾನು ಕಟ್ಟಿಕೊಂಡ ಚಿತ್ರ. ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಊರಿನಲ್ಲಿ ವರ್ಷಗಟ್ಟಲೆ ಯಂತ್ರದ ಮುಂದೆ ನಿಂತು ದುಡಿದವರು. ಹುಟ್ಟಿನಿಂದ ಸಸ್ಯಾಹಾರಿ. ಕೆಲವು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಹೊಟ್ಟೆಯುರಿಗೆ ಆಮ್ಲ ತಗ್ಗಿಸುವ ಮಾತ್ರೆ ನುಂಗುತ್ತಿದ್ದಾರೆ. ಆರು ತಿಂಗಳಿಂದ ಸುಸ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಅಂಗಾಲಿನಲ್ಲಿ ಜೋಮು. ಕಣ್ಣು ಸ್ವಲ್ಪ ಹಳದಿಯಾಗಿದೆ ಎಂದು ಮನೆಯವರು ಕಾಮಾಲೆ ಔಷಧಿ ಕುಡಿಸಿದ್ದಾರೆ, ಗುಣ ಕಂಡಿಲ್ಲ. ವೈದ್ಯರು ಕೈ ಹಿಡಿದು ನೋಡಿದರೆ ಬೆರಳ ಗೆಣ್ಣುಗಳ ಮೇಲಿನ ಚರ್ಮ ಉಳಿದ ಕೈಗಿಂತ ಎದ್ದು ಕಾಣುವಷ್ಟು ಕಪ್ಪಾಗಿದೆ. ಈ ಕಪ್ಪು ಗೆಣ್ಣನ್ನು ನೆನಪಿನಲ್ಲಿಡಿ.

ಮೂಳೆ ಎಂದರೆ ಗಟ್ಟಿ ವಸ್ತು ಎಂಬ ಕಲ್ಪನೆಯಿಂದ ಸ್ವಲ್ಪ ಹೊರಬಂದರೆ ಮುಂದಿನದು ಸುಲಭ. ಮೂಳೆಯ ಒಳಭಾಗ ತೆಳು ಎಲುಬಿನ ಜಾಲರಿ. ಅದರ ಸಂದುಗಳಲ್ಲಿ ಮೆತ್ತಗಿನ ಕೆಂಪು ಅಂಗಾಂಶ ತುಂಬಿರುತ್ತದೆ. ಎಳೆಯ ಮಗುವಿನಲ್ಲಿ ಬಹುಮಟ್ಟಿಗೆ ಎಲ್ಲ ಮೂಳೆಗಳಲ್ಲೂ ಈ ಕೆಂಪು ಮಜ್ಜೆ ಇರುತ್ತದೆ. ವಯಸ್ಸಾದಂತೆ ಕೈಕಾಲಿನ ಉದ್ದ ಮೂಳೆಗಳಲ್ಲಿ ಕೊಬ್ಬು ಸೇರಿ ಮಜ್ಜೆ ಹಳದಿಯಾಗುತ್ತದೆ. ದೊಡ್ಡವರಲ್ಲಿ ರಕ್ತ ಹುಟ್ಟುವ ಕೆಲಸ ಸೊಂಟದ ಮೂಳೆ, ಬೆನ್ನುಮೂಳೆ, ಎದೆಮೂಳೆ, ಪಕ್ಕೆಲುಬು, ತಲೆಬುರುಡೆ, ತೊಡೆ ಮತ್ತು ತೋಳಿನ ಮೂಳೆಗಳ ಮೇಲ್ತುದಿಗಳಿಗೆ ಸೀಮಿತವಾಗುತ್ತದೆ. ಹುಟ್ಟುವ ಮೊದಲು ಈ ಕೆಲಸಕ್ಕೆ ಬೇರೆ ಜಾಗಗಳಿದ್ದವು. ಭ್ರೂಣದ ಮೊದಲ ವಾರಗಳಲ್ಲಿ ಅಂಡಚೀಲ, ಆಮೇಲೆ ಹಲವು ತಿಂಗಳು ಯಕೃತ್ತು, ಕೊನೆಗೆ ಮಜ್ಜೆ. ರಕ್ತಕಣಗಳು ಮಜ್ಜೆಯಲ್ಲಿ ಹುಟ್ಟುತ್ತವೆ ಎಂದು ಮೊದಲು ತೋರಿಸಿದವರು ಜರ್ಮನಿಯ ಅರ್ನ್‌ಸ್ಟ್ ನಾಯ್‌ಮನ್, 1868ರಲ್ಲಿ. ಅಲ್ಲಿಯವರೆಗೆ ಮಜ್ಜೆಯನ್ನು ಮೂಳೆಯ ಆಹಾರವೆಂದೇ ಬಹಳ ಮಂದಿ ತಿಳಿದಿದ್ದರು.

ಈ ಮೆತ್ತಗಿನ ಅಂಗಾಂಶ ಮಾಡುವ ಕೆಲಸದ ಪ್ರಮಾಣ ಬೆರಗು ಹುಟ್ಟಿಸುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ದಿನಕ್ಕೆ ಸುಮಾರು 20 ಸಾವಿರ ಕೋಟಿ ಕೆಂಪು ಕಣಗಳು ಹೊಸದಾಗಿ ಹುಟ್ಟುತ್ತವೆ. ಅಂದರೆ ಸೆಕೆಂಡಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಪ್ಲೇಟ್‌ಲೆಟ್‌ಗಳು ದಿನಕ್ಕೆ ಹತ್ತು ಸಾವಿರ ಕೋಟಿ. ಬಿಳಿ ಕಣಗಳೂ ಸರಿಸುಮಾರು ಅದೇ ಮಟ್ಟದಲ್ಲಿ. ಇಷ್ಟು ಯಾಕೆ ಬೇಕು? ಅವು ಬೇಗ ಸಾಯುವುದರಿಂದ. ಕೆಂಪು ಕಣದ ಆಯಸ್ಸು 120 ದಿನ. ಪ್ಲೇಟ್‌ಲೆಟ್ ಎಂಟು ಹತ್ತು ದಿನ ಬಾಳುತ್ತದೆ. ಬಿಳಿ ಕಣಗಳಲ್ಲಿ ಹೆಚ್ಚಿನವಾದ ನ್ಯೂಟ್ರೋಫಿಲ್‌ಗಳು ರಕ್ತದಲ್ಲಿ ಒಂದು ದಿನವೂ ನಿಲ್ಲುವುದಿಲ್ಲ, ನಾಳದಿಂದ ಹೊರಬಿದ್ದು ಅಂಗಾಂಶಗಳಿಗೆ ಇಳಿಯುತ್ತವೆ. ಈ ಮೂರು ಆಯಸ್ಸುಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ರಕ್ತದ ಯಾವ ವರದಿಯನ್ನೂ ಕಾಲದ ಲೆಕ್ಕದಲ್ಲಿ ಓದಬಹುದು. ಮಜ್ಜೆ ಇವತ್ತು ಕೈಚೆಲ್ಲಿ ಕೂತರೆ ಕೆಲವೇ ದಿನಗಳಲ್ಲಿ ನ್ಯೂಟ್ರೋಫಿಲ್ ಮುಗಿಯುತ್ತದೆ, ವಾರ ಕಳೆಯುವಷ್ಟರಲ್ಲಿ ಪ್ಲೇಟ್‌ಲೆಟ್ ತಳ ಕಾಣುತ್ತದೆ, ಹಿಮೋಗ್ಲೋಬಿನ್ ಮಾತ್ರ ದಿನಕ್ಕೆ ನೂರರಲ್ಲಿ ಒಂದು ಪಾಲಿನಂತೆ ನಿಧಾನಕ್ಕೆ ಇಳಿಯುತ್ತದೆ. ನಮ್ಮ ಹರಿಹರದವರ ಹಿಮೋಗ್ಲೋಬಿನ್ 5.2ಕ್ಕೆ ಬಂದಿದೆ, ಆದರೂ ಬಸ್ಸು ಹತ್ತಿ ದಾವಣಗೆರೆಗೆ ತಾವೇ ಬಂದಿದ್ದಾರೆ. ಇದೊಂದರಿಂದಲೇ ತಿಳಿಯುತ್ತದೆ, ಕಾಯಿಲೆ ನಿನ್ನೆ ಮೊನ್ನೆಯದಲ್ಲ. ತಿಂಗಳುಗಟ್ಟಲೆ ಇಳಿಯುತ್ತ ಬಂದದ್ದಕ್ಕೆ ಹೃದಯ ಮತ್ತು ನಾಳಗಳು ಹೊಂದಿಕೊಂಡಿವೆ. ಇದೇ 5.2 ಒಂದೇ ದಿನದ ರಕ್ತಸ್ರಾವದಿಂದ ಆಗಿದ್ದರೆ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ.

ಇಷ್ಟೊಂದು ಕಣಗಳ ಮೂಲದಲ್ಲಿ ಇರುವ ಕೋಶಗಳು ಬಹಳ ಕಡಿಮೆ. ಅವೇ ಆಕರಕೋಶಗಳು, ಆಸ್ಪತ್ರೆಯ ಮಾತಿನಲ್ಲಿ ಸ್ಟೆಮ್ ಸೆಲ್. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವಕ್ಕೆ ಬೇರೆ ಚಹರೆಯೇ ಇಲ್ಲ. ಸಣ್ಣ, ದುಂಡನೆಯ, ಸಾಧಾರಣ ಲಿಂಫೋಸೈಟಿನಂತೆ ಕಾಣುವ ಕೋಶ. ಕಣ್ಣಿಗೆ ಗುರುತು ಸಿಗದ ಕೋಶ ಇದೆಯೆಂದು ತೋರಿಸುವುದು ಹೇಗೆ? ಕೆನಡಾದ ಟೊರಾಂಟೊದಲ್ಲಿ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲೋಕ್ ಎಂಬಿಬ್ಬರು ಇದಕ್ಕೆ ದಾರಿ ಕಂಡುಕೊಂಡರು. ಒಬ್ಬರು ಭೌತವಿಜ್ಞಾನಿ, ಇನ್ನೊಬ್ಬರು ವೈದ್ಯರು. ಅವರು ಇಲಿಗಳಿಗೆ ಸಾಯುವಷ್ಟು ವಿಕಿರಣ ಕೊಟ್ಟು ಅವುಗಳ ಮಜ್ಜೆಯನ್ನು ನಾಶ ಮಾಡಿದರು. ಆಮೇಲೆ ಬೇರೆ ಇಲಿಗಳ ಮಜ್ಜೆಯಿಂದ ತೆಗೆದ ಕೋಶಗಳನ್ನು ಎಣಿಸಿ ರಕ್ತಕ್ಕೆ ಚುಚ್ಚಿದರು. ಹತ್ತು ದಿನ ಕಳೆದ ಮೇಲೆ ಆ ಇಲಿಗಳ ಗುಲ್ಮವನ್ನು ತೆಗೆದು ನೋಡಿದರೆ ಮೈಮೇಲೆ ಸಣ್ಣ ಸಣ್ಣ ಗಂಟುಗಳು ಎದ್ದಿದ್ದವು. ಹೆಚ್ಚು ಕೋಶ ಚುಚ್ಚಿದರೆ ಹೆಚ್ಚು ಗಂಟು, ಕಡಿಮೆ ಚುಚ್ಚಿದರೆ ಕಡಿಮೆ. ಸುಮಾರು ಹತ್ತು ಸಾವಿರ ಕೋಶಗಳಿಗೆ ಒಂದು ಗಂಟಿನ ಲೆಕ್ಕ. ಗಂಟನ್ನು ಬಿಡಿಸಿ ನೋಡಿದಾಗ ಒಂದರಲ್ಲೇ ಕೆಂಪು ಕಣಗಳ ಎಳೆಯ ರೂಪ, ಬಿಳಿ ಕಣಗಳ ಎಳೆಯ ರೂಪ, ಪ್ಲೇಟ್‌ಲೆಟ್ ಕೊಡುವ ದೈತ್ಯಕೋಶ, ಮೂರೂ ಸಿಗುತ್ತಿದ್ದವು. ಇದು 1961ರ ಮಾತು.

ಒಂದು ಗಂಟು ಒಂದೇ ಕೋಶದಿಂದ ಬಂದದ್ದೋ, ಹಲವು ಬಗೆಯ ಕೋಶಗಳು ಕಲೆತು ಆದದ್ದೋ ಎಂಬ ಪ್ರಶ್ನೆ ಉಳಿದಿತ್ತು. ಆಂಡ್ರ್ಯೂ ಬೆಕರ್ ಎಂಬ ವಿದ್ಯಾರ್ಥಿಯ ಜೊತೆ ಸೇರಿ 1963ರಲ್ಲಿ ಅದನ್ನೂ ಬಿಡಿಸಿದರು. ಚುಚ್ಚುವ ಕೋಶಗಳಿಗೆ ವಿಕಿರಣದಿಂದಲೇ ಅಲ್ಪಸ್ವಲ್ಪ ಪೆಟ್ಟು ಕೊಟ್ಟರು. ಬದುಕುಳಿದ ಕೋಶಗಳಲ್ಲಿ ಕೆಲವಕ್ಕೆ ವರ್ಣತಂತುಗಳು ಮುರಿದು ಒಂದೊಂದಕ್ಕೆ ಒಂದೊಂದು ಬಗೆಯ ಊನ ಉಳಿಯಿತು. ಅಂಥ ಕೋಶದಿಂದ ಎದ್ದ ಗಂಟಿನಲ್ಲಿ ನೋಡಿದ ಕೋಶಗಳಲ್ಲೆಲ್ಲ ಅದೇ ಊನ. ಅಲ್ಲಿಗೆ ಒಂದೇ ತಾಯಿಕೋಶದಿಂದ ಬೇರೆ ಬೇರೆ ರಕ್ತಕಣಗಳು ಹುಟ್ಟಬಲ್ಲವು ಎಂಬುದಕ್ಕೆ ಅನುಮಾನ ಉಳಿಯಲಿಲ್ಲ. ಆ ಗಂಟುಗಳಲ್ಲಿ ಹೆಚ್ಚಿನವು ನಿಜವಾದ ಆಕರಕೋಶದಿಂದಲ್ಲ, ಅದಕ್ಕಿಂತ ಒಂದೆರಡು ಮೆಟ್ಟಿಲು ಕೆಳಗಿನ ಕೋಶಗಳಿಂದ ಬಂದವು ಎಂದು ಆಮೇಲಿನ ಸಂಶೋಧನೆ ತಿದ್ದಿತು. ಆದರೂ ಆ ಪ್ರಯೋಗದ ಸರಳತೆ ನನ್ನ ಮಟ್ಟಿಗೆ ಈ ಇಡೀ ಶಾಸ್ತ್ರದಲ್ಲೇ ಅತ್ಯಂತ ಸುಂದರವಾದದ್ದು. ಇಲ್ಲದ ಗುರುತನ್ನು ಕೋಶಕ್ಕೆ ಅವರು ತಾವೇ ಹಚ್ಚಿ, ಅದರ ಸಂತಾನವನ್ನು ಹಿಂಬಾಲಿಸಿದರು.

ನಿಜವಾದ ಆಕರಕೋಶದ ಸ್ವಭಾವವೆಂದರೆ ಅದು ಸಾಮಾನ್ಯವಾಗಿ ಸುಮ್ಮನಿರುತ್ತದೆ. ಅಪರೂಪಕ್ಕೆ ಒಮ್ಮೆ ಒಡೆಯುತ್ತದೆ. ಒಡೆದಾಗ ತನ್ನಂಥದನ್ನೇ ಉಳಿಸಿಕೊಂಡು, ಇನ್ನೊಂದನ್ನು ಕೆಲಸಕ್ಕೆ ಬಿಡುತ್ತದೆ. ಕೆಲಸಕ್ಕೆ ಬಿಟ್ಟದ್ದು ಮುಂದೆ ಹಲವು ಸಲ ಒಡೆಯುತ್ತ, ಒಂದೊಂದು ಹೆಜ್ಜೆಗೂ ತನ್ನ ಆಯ್ಕೆಗಳನ್ನು ಕಳೆದುಕೊಳ್ಳುತ್ತ, ಕೊನೆಗೆ ಒಂದೇ ಬಗೆಯ ಕಣವಾಗುತ್ತದೆ. ಪಠ್ಯಪುಸ್ತಕಗಳು ಇದನ್ನು ಕವಲೊಡೆಯುವ ಚಿತ್ರವಾಗಿ ಬರೆಯುತ್ತವೆ, ಪ್ರತಿ ಕವಲಿಗೂ ಒಂದು ಹೆಸರು. ಒಂದೊಂದು ಕೋಶವನ್ನೂ ಬಿಡಿಬಿಡಿಯಾಗಿ ಓದುವ ಇತ್ತೀಚಿನ ವಿಧಾನಗಳು ಕವಲುಗಳು ಅಷ್ಟು ಖಚಿತವಲ್ಲ, ಒಂದು ದಿಕ್ಕಿನ ಒಲವು ನಿಧಾನಕ್ಕೆ ಗಟ್ಟಿಯಾಗುತ್ತ ಹೋಗುತ್ತದೆ ಎನ್ನುತ್ತವೆ. ಬಹುಮಟ್ಟಿಗೆ ದುಡಿಮೆಯೆಲ್ಲ ನಡೆಯುವುದು ಈ ನಡುವಿನ ಕೋಶಗಳಲ್ಲಿ. ಆಕರಕೋಶ ಹಿಂದೆ ಉಳಿದು ತನ್ನ ಡಿಎನ್‌ಎಯನ್ನು ಕಾಪಾಡಿಕೊಳ್ಳುತ್ತದೆ. ನಮ್ಮ ರೋಗಿಯ ಕಥೆಯಲ್ಲಿ ಇದೇ ದೊಡ್ಡ ಆಸರೆ.

ಕೆಂಪು ಕಣದ ದಾರಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದದ್ದು ಮೂತ್ರಪಿಂಡಕ್ಕೆ ಗೊತ್ತಾಗುತ್ತದೆ. ಅದು ಎರಿಥ್ರೊಪೊಯಟಿನ್ ಎಂಬ ಹಾರ್ಮೋನು ಬಿಡುತ್ತದೆ. ಆ ಹಾರ್ಮೋನು ಮಜ್ಜೆಯಲ್ಲಿ ಕೆಂಪು ದಾರಿ ಹಿಡಿದ ಕೋಶಗಳನ್ನು ಸಾಯದಂತೆ ತಡೆಯುತ್ತದೆ. ದೊಡ್ಡ ಬೀಜವುಳ್ಳ ಕಡುನೀಲಿ ಕೋಶವೊಂದು ಸುಮಾರು ಐದಾರು ದಿನಗಳಲ್ಲಿ ನಾಲ್ಕು ಸಲ ಒಡೆದು ಹದಿನಾರಾಗುತ್ತದೆ. ಪ್ರತಿ ಸಲವೂ ಕೋಶ ಚಿಕ್ಕದಾಗುತ್ತದೆ, ಒಳಗೆ ಹಿಮೋಗ್ಲೋಬಿನ್ ತುಂಬಿ ಬಣ್ಣ ನೀಲಿಯಿಂದ ಗುಲಾಬಿಗೆ ತಿರುಗುತ್ತದೆ, ಬೀಜ ಮುದುಡಿ ಚುಕ್ಕೆಯಾಗುತ್ತದೆ. ಕೊನೆಗೆ ಕೋಶ ಆ ಬೀಜವನ್ನು ಹೊರಗೆ ತಳ್ಳಿಬಿಡುತ್ತದೆ. ಪಕ್ಕದಲ್ಲೇ ಕಾದಿರುವ ಮ್ಯಾಕ್ರೊಫೇಜ್ ಎಂಬ ಭಕ್ಷಕಕೋಶ ಅದನ್ನು ನುಂಗುತ್ತದೆ. ಬೀಜವಿಲ್ಲದ ಈ ಎಳೆಯ ಕಣಕ್ಕೆ ರೆಟಿಕ್ಯುಲೋಸೈಟ್ ಎಂದು ಹೆಸರು. ರಕ್ತಕ್ಕೆ ಇಳಿದ ಮೇಲೂ ಒಂದು ದಿನದ ಮಟ್ಟಿಗೆ ಅದರಲ್ಲಿ ಆರ್‌ಎನ್‌ಎ ಉಳಿದಿರುವುದರಿಂದ ವಿಶೇಷ ಬಣ್ಣ ಹಾಕಿದರೆ ನೀಲಿ ಜಾಲದಂತೆ ಕಾಣುತ್ತದೆ. ರಕ್ತದಲ್ಲಿ ರೆಟಿಕ್ಯುಲೋಸೈಟ್ ಎಷ್ಟಿವೆ ಎಂದು ಎಣಿಸಿದರೆ ಮಜ್ಜೆ ನಿನ್ನೆ ಎಷ್ಟು ಕಣ ಕಳಿಸಿತು ಎಂಬ ಲೆಕ್ಕ ಸಿಗುತ್ತದೆ. ನನ್ನನ್ನು ಕೇಳಿದರೆ ರಕ್ತಹೀನತೆಯ ತನಿಖೆಯಲ್ಲಿ ಇಷ್ಟು ಅಗ್ಗದ, ಇಷ್ಟು ಮಾತಾಡುವ ಪರೀಕ್ಷೆ ಇನ್ನೊಂದಿಲ್ಲ. ಆದರೂ ಎಷ್ಟೋ ಸಲ ಅದನ್ನು ಮಾಡಿಸದೆಯೇ ಟಾನಿಕ್ ಬರೆಯಲಾಗುತ್ತದೆ.

ಪ್ಲೇಟ್‌ಲೆಟ್ ಹುಟ್ಟುವ ಬಗೆ ಇದಕ್ಕೆ ತೀರ ಬೇರೆ. ಮೆಗಾಕ್ಯಾರಿಯೋಸೈಟ್ ಎಂಬ ಕೋಶ ತನ್ನ ಡಿಎನ್‌ಎಯನ್ನು ಮತ್ತೆ ಮತ್ತೆ ಇಮ್ಮಡಿಸುತ್ತದೆ, ಆದರೆ ಒಡೆಯುವುದಿಲ್ಲ. ಹಿಗ್ಗುತ್ತ ಹಿಗ್ಗುತ್ತ ಮಜ್ಜೆಯ ಅತಿ ದೊಡ್ಡ ಕೋಶವಾಗುತ್ತದೆ. ಆಮೇಲೆ ರಕ್ತನಾಳದ ಗೋಡೆಯ ಸಂದಿನಿಂದ ತನ್ನ ತೋಳುಗಳನ್ನು ಒಳಗೆ ಚಾಚುತ್ತದೆ. ಹರಿಯುವ ರಕ್ತ ಆ ತೋಳುಗಳನ್ನು ತುಂಡರಿಸಿಕೊಂಡು ಹೋಗುತ್ತದೆ. ಆ ತುಂಡುಗಳೇ ಪ್ಲೇಟ್‌ಲೆಟ್, ಒಂದು ದೈತ್ಯಕೋಶದಿಂದ ಸಾವಿರಕ್ಕೂ ಹೆಚ್ಚು. ನ್ಯೂಟ್ರೋಫಿಲ್ ಮಜ್ಜೆಯಲ್ಲಿ ತಯಾರಾಗಲು ಹತ್ತು ದಿನಕ್ಕೂ ಹೆಚ್ಚು ಹಿಡಿಯುತ್ತದೆ. ತಯಾರಾದ ಮೇಲೂ ಕೆಲವು ದಿನ ಅಲ್ಲೇ ದಾಸ್ತಾನಿನಲ್ಲಿದ್ದು, ಸೋಂಕಿನ ಕರೆ ಬಂದಾಗ ಹೊರಡುತ್ತದೆ.

ಈಗ ವರದಿಗೆ ಬರೋಣ. ಅದೇ ಕಾಗದದಲ್ಲಿ ಇನ್ನೊಂದು ಅಂಕಿ ಇದೆ, ಎಂಸಿವಿ 121. ಒಂದು ಕೆಂಪು ಕಣದ ಸರಾಸರಿ ಗಾತ್ರ ಅದು. 80ರಿಂದ 100ರೊಳಗೆ ಇರಬೇಕಾದದ್ದು. ಕಣಗಳ ಸಂಖ್ಯೆ ಮೈಕ್ರೋಲೀಟರಿಗೆ ಸುಮಾರು 13 ಲಕ್ಷ ಮಾತ್ರ, ಇರಬೇಕಾದದ್ದರಲ್ಲಿ ಮೂರನೇ ಒಂದು ಪಾಲೂ ಇಲ್ಲ. ಕಣ ಕಡಿಮೆ, ಆದರೆ ಇದ್ದವು ದಪ್ಪ. ರೆಟಿಕ್ಯುಲೋಸೈಟ್ ನೂರಕ್ಕೆ ಒಂದೂ ಇಲ್ಲ. ಮೂತ್ರಪಿಂಡ ಎರಿಥ್ರೊಪೊಯಟಿನ್ ಸುರಿಸುತ್ತಿದ್ದರೂ ಮಜ್ಜೆಯಿಂದ ಹೊಸ ಕಣ ಹೊರಡುತ್ತಿಲ್ಲ. ರಕ್ತದ ಹನಿಯನ್ನು ಗಾಜಿನ ಮೇಲೆ ಎಳೆದು ಬಣ್ಣ ಹಾಕಿ ನೋಡಿದರೆ ಮೊಟ್ಟೆಯಾಕಾರದ ದೊಡ್ಡ ಕೆಂಪು ಕಣಗಳು ಕಾಣುತ್ತವೆ. ನ್ಯೂಟ್ರೋಫಿಲ್‌ಗಳ ಬೀಜದಲ್ಲಿ ಮೂರು ನಾಲ್ಕು ಹೋಳು ಇರಬೇಕಾದ ಕಡೆ ಆರು, ಕೆಲವದರಲ್ಲಿ ಏಳು.

ಮೂರೂ ಬಗೆಯ ಕಣ ಕಡಿಮೆಯಾದಾಗ ಮೊದಲು ಬಿಡಿಸಬೇಕಾದ ಒಗಟು ಒಂದೇ. ಮಜ್ಜೆ ಖಾಲಿಯಾಗಿದೆಯೋ, ತುಂಬಿದ್ದೂ ಕೊಡುತ್ತಿಲ್ಲವೋ? ಏಪ್ಲಾಸ್ಟಿಕ್ ಅನೀಮಿಯಾ ಎಂಬ ಕಾಯಿಲೆಯಲ್ಲಿ ಆಕರಕೋಶಗಳೇ ನಾಶವಾಗಿ ಮಜ್ಜೆಯಲ್ಲಿ ಕೊಬ್ಬು ಮಾತ್ರ ಉಳಿದಿರುತ್ತದೆ. ರಕ್ತದ ಕ್ಯಾನ್ಸರಿನಲ್ಲಿ ಮಜ್ಜೆ ತುಂಬಿರುತ್ತದೆ, ಆದರೆ ಬೇಡದ ಕೋಶಗಳಿಂದ. ರಕ್ತದ ಅಂಕಿಗಳು ಎಲ್ಲದರಲ್ಲೂ ಒಂದೇ ಥರ ಕೆಳಗಿರಬಹುದು. ನಮ್ಮ ರೋಗಿಯಲ್ಲಿ ಎಂಸಿವಿ ಮತ್ತು ಹೋಳು ಹೆಚ್ಚಾದ ಬೀಜ ದಾರಿ ತೋರಿಸುತ್ತಿವೆ, ಎಷ್ಟೋ ವೈದ್ಯರು ಇಲ್ಲಿಗೇ ನಿಂತು ವಿಟಮಿನ್ ಮಟ್ಟ ಅಳೆದು ಚಿಕಿತ್ಸೆ ಶುರು ಮಾಡುತ್ತಾರೆ. ಆದರೆ ಮೂರೂ ಕಣ ಇಷ್ಟು ಕುಸಿದಾಗ, ವಯಸ್ಸೂ ಅರವತ್ತರ ಹತ್ತಿರ ಇರುವಾಗ, ಮಜ್ಜೆಯನ್ನೇ ನೋಡಿಬಿಡೋಣ ಎನ್ನುವವರೂ ಇದ್ದಾರೆ. ಮನೆಯವರು ಆ ಮಾತು ಕೇಳಿದ ಕೂಡಲೇ ಬೆದರುತ್ತಾರೆ. “ಬೋನ್ ಮ್ಯಾರೋ ಅಂದ್ರೆ ಕ್ಯಾನ್ಸರ್ ಏನ್ರೀ ಡಾಕ್ಟ್ರೇ?” ಎಂದು ಕೇಳದ ಮನೆಯಿಲ್ಲ. ಪರೀಕ್ಷೆಯ ಹೆಸರು ಕಾಯಿಲೆಯ ಹೆಸರಲ್ಲ ಎಂದು ಕೂರಿಸಿಕೊಂಡು ಹೇಳಬೇಕಾಗುತ್ತದೆ.

ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಸೊಂಟದ ಹಿಂಭಾಗದಲ್ಲಿ ಕೈಗೆ ಸಿಗುವ ಎಲುಬಿನ ಗುಬುಟನ್ನು ಗುರುತಿಸುತ್ತಾರೆ. ಚರ್ಮಕ್ಕೂ ಎಲುಬಿನ ಹೊದಿಕೆಗೂ ಮರಗಟ್ಟಿಸುವ ಮದ್ದು ಕೊಡುತ್ತಾರೆ. ದಪ್ಪ ಸೂಜಿಯನ್ನು ತಿರುವುತ್ತ ಒತ್ತಿದಾಗ ಗಟ್ಟಿ ಹೊರಪದರ ದಾಟಿದ್ದು ಕೈಗೇ ತಿಳಿಯುತ್ತದೆ, ತಡೆ ಸಡಿಲುತ್ತದೆ. ಸಿರಿಂಜು ಹಾಕಿ ಎಳೆಯುವ ಆ ಒಂದೆರಡು ಸೆಕೆಂಡು ನೋವಾಗುತ್ತದೆ. ಮರಗಟ್ಟಿಸುವ ಮದ್ದು ಮೂಳೆಯ ಒಳಕ್ಕೆ ಮುಟ್ಟುವುದಿಲ್ಲ, ಅದನ್ನು ಮೊದಲೇ ಹೇಳುವುದು ಒಳ್ಳೆಯದು. ಅರ್ಧ ಮಿಲಿಲೀಟರಿಗೂ ಕಡಿಮೆ ಸಾಕು, ಹೆಚ್ಚು ಎಳೆದರೆ ರಕ್ತ ಬೆರೆತು ಮಜ್ಜೆ ತೆಳುವಾಗುತ್ತದೆ. ಗಾಜಿನ ಮೇಲೆ ಸುರಿದು ಓರೆ ಮಾಡಿದರೆ ರಕ್ತ ಹರಿದುಹೋಗಿ ಸಣ್ಣ ಹರಳುಗಳು ಉಳಿಯುತ್ತವೆ. ಅವೇ ಮಜ್ಜೆಯ ತುಣುಕುಗಳು. ಅವು ಕಂಡರೆ ಮಾತ್ರ ಮಾದರಿ ಸರಿಯಾಗಿ ಬಂದಿದೆ ಎಂದರ್ಥ. ಪ್ಲೇಟ್‌ಲೆಟ್ 48,000 ಇದ್ದರೂ ಈ ಪರೀಕ್ಷೆಗೆ ಅಡ್ಡಿಯಿಲ್ಲ, ಆಮೇಲೆ ಆ ಜಾಗವನ್ನು ಸ್ವಲ್ಪ ಹೊತ್ತು ಬಿಗಿಯಾಗಿ ಒತ್ತಿಹಿಡಿದರಾಯಿತು.

ಲೀಶ್‌ಮನ್ ಬಣ್ಣ ಹಾಕಿದ ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಕಾಣುವುದು ಬರಡು ಮಜ್ಜೆಯಲ್ಲ. ಕಿಕ್ಕಿರಿದ ಮಜ್ಜೆ. ಐವತ್ತೆಂಟರ ವಯಸ್ಸಿಗೆ ಅರ್ಧದಷ್ಟಾದರೂ ಕೊಬ್ಬು ಕಾಣಬೇಕಿತ್ತು, ಇಲ್ಲಿ ಕೊಬ್ಬಿಗೆ ಜಾಗವೇ ಇಲ್ಲ. ಕೆಂಪು ದಾರಿಯ ಕೋಶಗಳು ರಾಶಿ ರಾಶಿಯಾಗಿವೆ, ಎಲ್ಲವೂ ಗಾತ್ರದಲ್ಲಿ ಮಿತಿಮೀರಿವೆ. ಸುತ್ತಲಿನ ದ್ರವ ಗುಲಾಬಿಯಾಗಿ ಹಿಮೋಗ್ಲೋಬಿನ್ ತುಂಬಿಕೊಂಡಿದೆ, ಆದರೆ ಬೀಜ ಮುದುಡಿಲ್ಲ, ಜರಡಿಯಂತೆ ತೂತುತೂತಾಗಿ ಎಳೆಯದಾಗಿಯೇ ಉಳಿದಿದೆ. ಕೋಶದ ಮೈ ಮುದಿಯಾಗಿದೆ, ಬೀಜ ಮಾತ್ರ ಎಳಸು. ಈ ಕೋಶಗಳಿಗೆ ಮೆಗಲೋಬ್ಲಾಸ್ಟ್ ಎಂದು ಹೆಸರು. ಅನುಭವ ಕಡಿಮೆ ಇರುವ ಕಣ್ಣಿಗೆ ಈ ದೊಡ್ಡ ನೀಲಿ ಕೋಶಗಳ ಗುಂಪು ರಕ್ತದ ಕ್ಯಾನ್ಸರಿನಂತೆ ಕಂಡು ದಿಗಿಲು ಹುಟ್ಟಿಸಿದ ಪ್ರಸಂಗಗಳಿವೆ.

ಕಾರಣ ವಿಟಮಿನ್ ಬಿ12ರ ಕೊರತೆ. ಒಂದು ಕೋಶ ಎರಡಾಗಬೇಕಾದರೆ ಡಿಎನ್‌ಎಯ ಪೂರ್ತಿ ಪ್ರತಿ ತಯಾರಾಗಬೇಕು. ಡಿಎನ್‌ಎ ನಾಲ್ಕು ಅಕ್ಷರಗಳ ಬರಹ, ಅದರಲ್ಲೊಂದು ಥೈಮಿನ್. ಅದನ್ನು ಮಾಡಲು ಫೋಲೇಟ್ ಬೇಕು. ಬಿ12 ಇಲ್ಲದಿದ್ದರೆ ದೇಹದಲ್ಲಿರುವ ಫೋಲೇಟ್ ಬಳಸಲಾಗದ ರೂಪದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಥೈಮಿನ್ ಸಾಲದೆ ನಕಲು ಅರ್ಧಕ್ಕೆ ನಿಲ್ಲುತ್ತದೆ, ತಪ್ಪು ಅಕ್ಷರ ಸೇರಿ ಎಳೆ ತುಂಡಾಗುತ್ತದೆ. ಹಿಮೋಗ್ಲೋಬಿನ್ ಮಾಡುವುದಕ್ಕೆ ಥೈಮಿನ್ ಬೇಡ, ಹಾಗಾಗಿ ಆ ಕೆಲಸ ನಡೆಯುತ್ತಲೇ ಇರುತ್ತದೆ. ನಾಲ್ಕು ಸಲ ಒಡೆಯಬೇಕಾದ ಕೋಶ ಎರಡು ಮೂರಕ್ಕೆ ನಿಂತು, ಒಡೆಯದೆ ದಪ್ಪವಾಗುತ್ತದೆ. ಹರಿಹರದ ವರ್ಕ್‌ಶಾಪಿನಲ್ಲಿ ಒಂದೇ ಒಂದು ಅಳತೆಯ ಡ್ರಿಲ್ ಬಿಟ್ ಸಿಗದೆ ಎರಕದ ತುಂಡುಗಳೆಲ್ಲ ಅರೆಬರೆಯಾಗಿ ನೆಲದ ತುಂಬ ರಾಶಿ ಬಿದ್ದ ಹಾಗೆ. ದುಡಿಮೆ ನಿಂತಿಲ್ಲ, ಜಾಗ ಕಟ್ಟಿಹೋಗಿದೆ, ಗೇಟಿನ ಹೊರಗೆ ಮಾಲು ಬರುತ್ತಿಲ್ಲ.

ಅರೆಬರೆಯಾದ ಕೋಶಗಳಲ್ಲಿ ಬಹುಪಾಲು ಮಜ್ಜೆಯಲ್ಲೇ ಸಾಯುತ್ತವೆ, ಮ್ಯಾಕ್ರೊಫೇಜ್‌ಗಳ ಪಾಲಾಗುತ್ತವೆ. ಅವುಗಳೊಳಗಿನ ಎಲ್‌ಡಿಎಚ್ ಎಂಬ ಕಿಣ್ವ ರಕ್ತಕ್ಕೆ ಸೋರಿ ಸಾವಿರಗಳ ಲೆಕ್ಕಕ್ಕೆ ಏರುತ್ತದೆ. ಹಿಮೋಗ್ಲೋಬಿನ್ ಒಡೆದು ಬಿಲಿರುಬಿನ್ ಆಗುತ್ತದೆ, ಕಣ್ಣಿಗೆ ನಿಂಬೆಹಳದಿ ಬಣ್ಣ ಬರುತ್ತದೆ. ಮನೆಯವರು ಕಾಮಾಲೆ ಎಂದುಕೊಂಡದ್ದು ಯಕೃತ್ತಿನ ದೋಷವಾಗಿರಲಿಲ್ಲ, ಮೂಳೆಯೊಳಗೆ ಸತ್ತ ಕಣಗಳ ಬಣ್ಣವಾಗಿತ್ತು. ಬಿಳಿ ಕಣ ಮತ್ತು ದೈತ್ಯಕೋಶಗಳಿಗೂ ಇದೇ ಗತಿ, ಅವಕ್ಕೂ ಡಿಎನ್‌ಎ ಬೇಕಲ್ಲ. ಬೆರಳ ಗೆಣ್ಣು ಕಪ್ಪಾಗುವುದೂ ಬಿ12 ಕೊರತೆಯ ಗುರುತೇ, ನಮ್ಮ ಮೈಬಣ್ಣದವರಲ್ಲಿ ಇದು ಎದ್ದು ಕಾಣುತ್ತದೆ.

ಈ ವಿಟಮಿನ್ನನ್ನು ಗಿಡವೂ ಮಾಡುವುದಿಲ್ಲ, ಪ್ರಾಣಿಯೂ ಮಾಡುವುದಿಲ್ಲ. ಮಾಡುವುದು ಬ್ಯಾಕ್ಟೀರಿಯಾ. ಮಾಂಸ, ಮೀನು, ಮೊಟ್ಟೆ, ಹಾಲಿನ ಮೂಲಕ ನಮಗೆ ಬರುತ್ತದೆ. ಸಸ್ಯಾಹಾರಿಗೆ ಹಾಲು ಮೊಸರೇ ಗತಿ. ದಾವಣಗೆರೆಯ ಬೆಣ್ಣೆದೋಸೆ ಎಷ್ಟು ತಿಂದರೂ ಪ್ರಯೋಜನವಿಲ್ಲ, ಬಿ12 ಹಾಲಿನ ನೀರಿನಂಶದಲ್ಲಿ ಉಳಿಯುತ್ತದೆ, ಬೆಣ್ಣೆಗೆ ಬರುವುದು ಅತ್ಯಲ್ಪ. ದಿನಕ್ಕೆ ಬೇಕಾದದ್ದು ಎರಡು ಮೈಕ್ರೋಗ್ರಾಂ ಚಿಲ್ಲರೆ. ಯಕೃತ್ತಿನಲ್ಲಿ ಕೆಲವು ಮಿಲಿಗ್ರಾಂ ದಾಸ್ತಾನು ಇರುವುದರಿಂದ ಕೊರತೆ ಹೊರಬೀಳಲು ವರ್ಷಗಳೇ ಹಿಡಿಯುತ್ತವೆ. ನಮ್ಮ ರೋಗಿಯ ಹಾಲು ಎರಡು ಹೊತ್ತಿನ ಚಹಾದಲ್ಲಿ ಮುಗಿಯುತ್ತಿತ್ತು. ಆಹಾರದಿಂದ ಬಿ12 ಬಿಡಿಸಿಕೊಳ್ಳಲು ಜಠರದ ಆಮ್ಲ ಬೇಕು, ಅದನ್ನು ಒಂದು ಮಾತ್ರೆ ತಗ್ಗಿಸುತ್ತಿತ್ತು. ಸಣ್ಣಕರುಳಿನ ಕೊನೆಯಲ್ಲಿ ಹೀರಿಕೊಳ್ಳುವುದನ್ನು ಮೆಟ್‌ಫಾರ್ಮಿನ್ ಕುಗ್ಗಿಸುತ್ತಿತ್ತು. ಒಂದೊಂದೇ ಆಗಿದ್ದರೆ ದೇಹ ತಡೆದುಕೊಳ್ಳುತ್ತಿತ್ತೇನೋ.

ಇದೇ ಮಜ್ಜೆಯ ಚಿತ್ರ ಫೋಲೇಟ್ ಕೊರತೆಯಿಂದಲೂ ಆಗುತ್ತದೆ. ಅದನ್ನು ಬಯಲಿಗೆಳೆದ ಕೆಲಸ ನಡೆದದ್ದು ನಮ್ಮ ದೇಶದಲ್ಲೇ. 1928ರಲ್ಲಿ ಮುಂಬಯಿಗೆ ಬಂದ ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್ ಅಲ್ಲಿನ ಬಟ್ಟೆ ಗಿರಣಿಗಳ ಬಸುರಿ ಕೆಲಸಗಾರ್ತಿಯರಲ್ಲಿ ದಪ್ಪ ಕಣದ ರಕ್ತಹೀನತೆ ಕಂಡರು. ಯೀಸ್ಟಿನ ಸಾರ ತಿನ್ನಿಸಿದರೆ ಅದು ವಾಸಿಯಾಗುತ್ತಿತ್ತು. ಆ ಸಾರದಲ್ಲಿದ್ದ ವಸ್ತು ಫೋಲಿಕ್ ಆಮ್ಲವೆಂದು ಆಮೇಲೆ ತಿಳಿಯಿತು, ಅದನ್ನು 1945ರಲ್ಲಿ ಕೃತಕವಾಗಿ ತಯಾರಿಸಿದ ತಂಡವನ್ನು ನಡೆಸಿದವರು ಭೀಮಾವರಂನ ಯಲ್ಲಾಪ್ರಗಡ ಸುಬ್ಬರಾವ್. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಗೆ ಗಿರಣಿ ಕಾರ್ಮಿಕರ ಬಡ ಊಟ ಏನೆಂದು ಬೇರೆ ಹೇಳಬೇಕಾಗಿಲ್ಲ.

ಚಿಕಿತ್ಸೆ ಸರಳ. ಬಿ12ರ ಸಾವಿರ ಮೈಕ್ರೋಗ್ರಾಂ ಇಂಜೆಕ್ಷನ್ ಮೊದಲ ವಾರ ದಿನವೂ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಅದರ ಬೆನ್ನಲ್ಲೇ ನಡೆಯುವುದನ್ನು ದಿನದಿನಕ್ಕೆ ನೋಡಿದರೆ ರಕ್ತ ಹುಟ್ಟುವ ಕ್ರಮವೆಲ್ಲ ಕಣ್ಣ ಮುಂದೆ ಬಿಚ್ಚಿಕೊಳ್ಳುತ್ತದೆ. ಒಂದೆರಡು ದಿನದಲ್ಲೇ ಮಜ್ಜೆಯ ಮೆಗಲೋಬ್ಲಾಸ್ಟ್‌ಗಳು ಮಾಯವಾಗತೊಡಗುತ್ತವೆ. ಮಜ್ಜೆ ನೋಡುವುದಿದ್ದರೆ ಇಂಜೆಕ್ಷನ್‌ಗೆ ಮೊದಲೇ ನೋಡಬೇಕು ಎನ್ನುವುದು ಇದಕ್ಕೇ. ಮೂರನೇ ದಿನಕ್ಕೆ ರೋಗಿ ತಾನಾಗಿ ಊಟ ಕೇಳುತ್ತಾರೆ, ರಕ್ತದ ಅಂಕಿ ಇನ್ನೂ ಅಲ್ಲೇ ಇದ್ದರೂ. ಮೂರು ನಾಲ್ಕನೇ ದಿನ ರೆಟಿಕ್ಯುಲೋಸೈಟ್ ಏರತೊಡಗಿ ಏಳನೇ ದಿನದ ಹೊತ್ತಿಗೆ ನೂರಕ್ಕೆ ಇಪ್ಪತ್ತು ಮುಟ್ಟುತ್ತದೆ. ಇಂಜೆಕ್ಷನ್ ಬಿದ್ದ ದಿನ ಒಡೆಯಲು ಶುರುವಾದ ಕೋಶಗಳು ಐದಾರು ದಿನ ತೆಗೆದುಕೊಂಡು ಬೀಜ ಕಳೆದುಕೊಂಡು ಹೊರಬಂದ ಲೆಕ್ಕವದು. ಒಂದೆರಡು ವಾರದಲ್ಲಿ ಪ್ಲೇಟ್‌ಲೆಟ್ ಒಂದೂವರೆ ಲಕ್ಷ ದಾಟುತ್ತದೆ, ಬಿಳಿ ಕಣ ಸರಿಹೋಗುತ್ತದೆ. ಆರು ಹೋಳಿನ ನ್ಯೂಟ್ರೋಫಿಲ್‌ಗಳು ಮಾತ್ರ ಎರಡು ವಾರ ಕಾಣುತ್ತಲೇ ಇರುತ್ತವೆ. ಹಿಮೋಗ್ಲೋಬಿನ್ ವಾರಕ್ಕೆ ಸುಮಾರು ಒಂದು ಗ್ರಾಂನಂತೆ ಏರುತ್ತದೆ, ಎರಡು ತಿಂಗಳಿಗೆ 13ರ ಹತ್ತಿರ. ಎಂಸಿವಿ ಕೊನೆಗೆ ಇಳಿಯುತ್ತದೆ, ಹಳೆಯ ದಪ್ಪ ಕಣಗಳು ತಮ್ಮ ಆಯಸ್ಸು ಮುಗಿಸಬೇಕಲ್ಲ. ಇಷ್ಟೆಲ್ಲ ಸಾಧ್ಯವಾಗುವುದು ಸುಮ್ಮನಿದ್ದ ಆಕರಕೋಶಗಳಿಗೆ ಈ ಕೊರತೆ ಅಷ್ಟಾಗಿ ತಟ್ಟದ ಕಾರಣ. ಅವು ಅಪರೂಪಕ್ಕೆ ಒಡೆಯುವುದರಿಂದ ಉಳಿದುಕೊಂಡವು.

ಈ ದಿನಗಳಲ್ಲಿ ಎಚ್ಚರ ಬೇಕಾದ ಸಂಗತಿಗಳಿವೆ. ಕೋಟಿಗಟ್ಟಲೆ ಹೊಸ ಕೋಶಗಳು ಪೊಟ್ಯಾಸಿಯಂ ಹೀರಿಕೊಳ್ಳುವುದರಿಂದ ರಕ್ತದಲ್ಲಿ ಅದು ಇಳಿದು ಹೃದಯದ ಬಡಿತ ತಪ್ಪಬಹುದು, ಮೊದಲ ವಾರ ಅಳೆಯುತ್ತಿರಬೇಕು. ಹಿಮೋಗ್ಲೋಬಿನ್ 5 ಕಂಡು ಗಾಬರಿಯಾಗಿ ಬಾಟಲಿ ಬಾಟಲಿ ರಕ್ತ ಏರಿಸಿದರೆ ಹೊಂದಿಕೊಂಡಿದ್ದ ಹೃದಯಕ್ಕೆ ಭಾರವಾಗುತ್ತದೆ. ಬಿ12 ಕೊಡದೆ ಬರೀ ಫೋಲಿಕ್ ಆಮ್ಲದ ಮಾತ್ರೆ ಕೊಟ್ಟರೆ ಇನ್ನೂ ಅಪಾಯ. ಮಜ್ಜೆ ಸುಧಾರಿಸುತ್ತದೆ, ರಕ್ತದ ವರದಿ ಚೆನ್ನಾಗಿ ಕಾಣುತ್ತದೆ, ಆದರೆ ನರಗಳಿಗೆ ಬೇಕಾದದ್ದು ಬಿ12. ಬೆನ್ನುಹುರಿಯ ಹಾನಿ ಒಳಗೊಳಗೇ ಬೆಳೆಯುತ್ತದೆ. ಅಂಗಾಲಿನ ಜೋಮು ಹೊಸದಾಗಿದ್ದರೆ ತಿಂಗಳುಗಳಲ್ಲಿ ಇಳಿಯುತ್ತದೆ, ವರ್ಷಗಳದ್ದಾದರೆ ಪೂರ್ತಿ ಹೋಗದಿರಬಹುದು.

ಏಳನೇ ದಿನ ರೆಟಿಕ್ಯುಲೋಸೈಟ್ ಏರದೇ ಹೋದರೆ ರೋಗನಿರ್ಣಯವನ್ನು ಮತ್ತೆ ಪ್ರಶ್ನಿಸಬೇಕು. ಜೊತೆಗೆ ಕಬ್ಬಿಣಾಂಶದ ಕೊರತೆ ಇದ್ದಿರಬಹುದು. ಕಬ್ಬಿಣ ಕಡಿಮೆಯಾದರೆ ಕಣ ಚಿಕ್ಕದಾಗುತ್ತದೆ, ಬಿ12 ಕಡಿಮೆಯಾದರೆ ದೊಡ್ಡದಾಗುತ್ತದೆ, ಎರಡೂ ಸೇರಿದರೆ ಎಂಸಿವಿ ನಡುವೆ ಬಂದು ನಿಂತು ಏನೂ ಇಲ್ಲವೆಂಬಂತೆ ಮೋಸ ಮಾಡುತ್ತದೆ. ಮಜ್ಜೆಯ ತುಣುಕುಗಳಿಗೆ ಕಬ್ಬಿಣ ತೋರಿಸುವ ನೀಲಿ ಬಣ್ಣ ಹಾಕಿ ನೋಡಿದರೆ ಅದು ಬಯಲಾಗುತ್ತದೆ. ಕಬ್ಬಿಣವೂ ಸರಿಯಿದ್ದು ರಕ್ತ ಏರದಿದ್ದರೆ, ಈ ವಯಸ್ಸಿನಲ್ಲಿ ಯೋಚಿಸಬೇಕಾದದ್ದು ಆಕರಕೋಶದ್ದೇ ಕಾಯಿಲೆ, ಮೈಲೋಡಿಸ್‌ಪ್ಲಾಸಿಯಾ. ಅಲ್ಲಿಯೂ ಮಜ್ಜೆ ತುಂಬಿರುತ್ತದೆ, ಕೋಶಗಳು ದಪ್ಪವಾಗಿರುತ್ತವೆ, ರಕ್ತ ಬಡವಾಗಿರುತ್ತದೆ. ಆದರೆ ದೋಷ ಆಕರಕೋಶದ ಡಿಎನ್‌ಎಯಲ್ಲೇ ಸೇರಿಕೊಂಡಿರುವುದರಿಂದ ಎಷ್ಟು ವಿಟಮಿನ್ ಚುಚ್ಚಿದರೂ ರೆಟಿಕ್ಯುಲೋಸೈಟ್ ಏಳುವುದಿಲ್ಲ. ಆಗ ವರ್ಣತಂತುಗಳ ಪರೀಕ್ಷೆಗೆ ಮಜ್ಜೆಯನ್ನು ಇನ್ನೊಮ್ಮೆ ತೆಗೆಯಬೇಕಾಗುತ್ತದೆ.